ಹತ್ತು ವರ್ಷ ತುಂಬುವ ಮೊದಲೇ ನೌಕರ ತೀರಿಕೊಂಡರೆ ಪಿಂಚಣಿಯ ಹಣ ಯಾರಿಗೆ?

ಪ್ರಶ್ನೆ: ನಮ್ಮ ಊರು ವಿಜಯಪುರ ಜಿಲ್ಲೆ. ನಮ್ಮ ಮನೆಯವರು ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕಡೆಯಿಂದ ಏಳು ವರ್ಷ ನಾಲ್ಕು ತಿಂಗಳು ಕೆಲಸ ಮಾಡಿದರು. ಏಪ್ರಿಲ್‌ನಿಂದ ಕಾಯಿಲೆಯಾಗಿ ಸಂಬಳವಿಲ್ಲದ ರಜೆಯಲ್ಲಿದ್ದು ಮೇ 9ರಂದು ತೀರಿಕೊಂಡರು. ನಾಲ್ಕು ವರ್ಷದ ಮಗಳಿದ್ದಾಳೆ. ಪಿಎಫ್ ಪಾಸ್‌ಬುಕ್ಕಿನ ಪಿಂಚಣಿ ಕಾಲಮ್ಮಿನಲ್ಲಿ 1,10,000 ರೂಪಾಯಿ ಇದೆ. ಹತ್ತು ವರ್ಷ ತುಂಬಿಲ್ಲವಾದ್ದರಿಂದ ಪಿಂಚಣಿ ಬರುವುದಿಲ್ಲ, ಕಟ್ಟಿದ ಹಣ ವಾಪಸ್ ತೆಗೆದುಕೊಳ್ಳಬಹುದು, ಅವರ ಮೊಬೈಲಿಗೆ ಬರುವ ಓಟಿಪಿ ಹೇಳಿ ಸಾಕು ಎಂದು ಪಿಎಫ್ ಕೆಲಸ ಮಾಡಿಸುವ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಮದುವೆಗೆ ಮೊದಲು ಬರೆದ ನಾಮಿನೇಷನ್ನಿನಲ್ಲಿ ಮಾವನವರ ಹೆಸರಿದೆ, ಹಣವೆಲ್ಲ ಅವರಿಗೇ ಸೇರಬೇಕು ಎಂದು ಊರಲ್ಲಿ ಮಾತಾಗಿದೆ. ನನಗೂ ಮಗಳಿಗೂ ಏನಾದರೂ ಬರುತ್ತದೆಯೇ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪತಿಯ ಮೊಬೈಲನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಅದಕ್ಕೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಈ ಒಂದು ವಿಷಯದಲ್ಲಿ ತಪ್ಪಿದರೆ ಮುಂದೆ ನಾನು ಹೇಳುವ ಉಳಿದೆಲ್ಲದಕ್ಕೂ ತೊಡಕಾಗುತ್ತದೆ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ನಿಮಗೆ ಬರಬೇಕಾದದ್ದು ವಾಪಸಾತಿಯ ಹಣವಲ್ಲ, ತಿಂಗಳು ತಿಂಗಳು ಬರುವ ಪಿಂಚಣಿ. ಹತ್ತು ವರ್ಷದ ನಿಯಮ ಸುಳ್ಳೇನೂ ಅಲ್ಲ; ಆದರೆ ಅದು ನಿಮ್ಮ ಪ್ರಸಂಗಕ್ಕೆ ಸಂಬಂಧಿಸಿದ್ದಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಸದಸ್ಯ ಬದುಕಿದ್ದು, 58 ವರ್ಷವಾದಾಗ ತನ್ನ ಹೆಸರಿನಲ್ಲಿ ತಾನೇ ಪಿಂಚಣಿ ಪಡೆಯಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಸದಸ್ಯ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಕುಟುಂಬಕ್ಕೆ ಪಿಂಚಣಿ ಸಿಗಲು ಒಂದೇ ಒಂದು ತಿಂಗಳ ವಂತಿಗೆ ಜಮೆಯಾಗಿದ್ದರೂ ಸಾಕು. ಯೋಜನೆಯ 16ನೇ ಪ್ಯಾರಾದಲ್ಲಿ ಈ ಮಾತು ಸ್ಪಷ್ಟವಾಗಿಯೇ ಇದೆ. ನಿಮ್ಮ ಪತಿಯ ಹೆಸರಿನಲ್ಲಿ ಎಂಬತ್ತೆಂಟು ತಿಂಗಳ ವಂತಿಗೆ ಇದೆ.

ಎರಡಕ್ಕೂ ಬೇರೆ ಬೇರೆ ನಿಯಮ ಏಕೆ ಎಂಬುದಕ್ಕೆ ಯೋಜನೆಯ ಇತಿಹಾಸದಲ್ಲಿ ಉತ್ತರವಿದೆ. ಇದಕ್ಕೂ ಹಿಂದೆ, 1971ರಿಂದ, ನೌಕರರ ಕುಟುಂಬ ಪಿಂಚಣಿ ಯೋಜನೆ ಎಂಬುದೊಂದಿತ್ತು. ಕೆಲಸದಲ್ಲಿರುವಾಗ ಅಕಾಲದಲ್ಲಿ ತೀರಿಕೊಂಡವರ ಹೆಂಡತಿ ಮಕ್ಕಳಿಗೆ ಆಸರೆ ಕೊಡುವುದೇ ಅದರ ಉದ್ದೇಶವಾಗಿತ್ತು. 1995ರ ನವೆಂಬರ್ 16ರಿಂದ ಹೊಸ ಯೋಜನೆ ಜಾರಿಯಾಗಿ, ನಿವೃತ್ತನಾದ ನೌಕರನಿಗೂ ಪಿಂಚಣಿ ಸೇರಿಕೊಂಡಿತು. ಹತ್ತು ವರ್ಷದ ಷರತ್ತು ಈ ಸೇರಿಕೊಂಡ ಭಾಗದ್ದು. ಕುಟುಂಬಕ್ಕೆ ಆಸರೆ ಕೊಡುವ ಹಳೆಯ ಭಾಗಕ್ಕೆ ಅದನ್ನು ಅಂಟಿಸಿಲ್ಲ. ಅಂಟಿಸಿದ್ದರೆ ಆಸರೆ ಅತಿ ಹೆಚ್ಚು ಬೇಕಾದ ಕುಟುಂಬಗಳೇ, ಅಂದರೆ ಚಿಕ್ಕ ವಯಸ್ಸಿನಲ್ಲಿ ದುಡಿಯುವವರನ್ನು ಕಳೆದುಕೊಂಡವರೇ, ಹೊರಗುಳಿಯುತ್ತಿದ್ದರು. ಮೂವತ್ತು ವರ್ಷಗಳಿಂದ ಪುಣೆ ಮತ್ತು ಮುಂಬಯಿಯ ಕಾರ್ಮಿಕರ ಪಿಎಫ್ ಕಾಗದಪತ್ರ ನೋಡುತ್ತಾ ಬಂದಿದ್ದೇನೆ. ಈ ಎರಡು ನಿಯಮಗಳನ್ನು ಬೆರೆಸಿ ಹೇಳುವ ಏಜೆಂಟರು ಮಾತ್ರವಲ್ಲ, ಕಂಪನಿಗಳ ಸಿಬ್ಬಂದಿ ವಿಭಾಗದವರೂ ಕಡಿಮೆಯೇನಿಲ್ಲ. ಎಲ್ಲರೂ ಮೋಸ ಮಾಡಲೆಂದು ಹೇಳುತ್ತಾರೆಂದಲ್ಲ. ರಾಜೀನಾಮೆ ಕೊಟ್ಟು ಹೋಗುವವರ ಅರ್ಜಿಗಳನ್ನೇ ದಿನವೂ ತುಂಬಿಸುವವರಿಗೆ ಹತ್ತು ವರ್ಷದ ನಿಯಮವೊಂದೇ ನಾಲಗೆಯ ಮೇಲಿರುತ್ತದೆ.

ಪಾಸ್‌ಬುಕ್ಕಿನ ಆ 1,10,000 ರೂಪಾಯಿಯೂ ಗೊಂದಲಕ್ಕೆ ಕಾರಣವಾಗುತ್ತದೆ, ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾಲೀಕರು ಕಟ್ಟುವ ಶೇಕಡಾ 12ರಲ್ಲಿ 8.33 ಭಾಗ ಪಿಂಚಣಿ ನಿಧಿಗೆ ಹೋಗುತ್ತದೆ. ವೇತನ ಎಷ್ಟೇ ಇರಲಿ, ಈ ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿಯನ್ನೇ ಮಿತಿಯಾಗಿ ಹಿಡಿಯುತ್ತಾರೆ. ಹಾಗಾಗಿ ತಿಂಗಳಿಗೆ 1,250 ರೂಪಾಯಿ; ಎಂಬತ್ತೆಂಟು ತಿಂಗಳಿಗೆ ಸರಿಯಾಗಿ 1,10,000. ಪಕ್ಕದ ಪಿಎಫ್ ಕಾಲಮ್ಮುಗಳ ಹಣಕ್ಕೆ ವರ್ಷವರ್ಷವೂ ಬಡ್ಡಿ ಸೇರುತ್ತದೆ, ಈ ಕಾಲಮ್ಮಿಗೆ ಸೇರುವುದಿಲ್ಲ. ಏಕೆಂದರೆ ಇದು ನಿಮ್ಮ ಪತಿಯ ಹೆಸರಿನ ಉಳಿತಾಯವಲ್ಲ. ಎಲ್ಲ ನೌಕರರ ಪಾಲೂ ಹೋಗಿ ಸೇರುವ ಒಂದೇ ನಿಧಿಗೆ ಸಂದಾಯವಾದ ಮೊತ್ತದ ದಾಖಲೆ ಮಾತ್ರ. ಬೇಗ ತೀರಿಕೊಂಡವರ ಕುಟುಂಬಕ್ಕೆ ಕಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡಲು ಸಾಧ್ಯವಾಗುವುದು ಈ ಒಟ್ಟು ನಿಧಿಯಿಂದಲೇ. ಕೆಲಸದಲ್ಲಿದ್ದಾಗ ಮರಣವಾದರೆ ಈ ಮೊತ್ತವನ್ನು ಮರಳಿಸುವ ಪದ್ಧತಿಯೇ ಇಲ್ಲ. ಅದರ ಬದಲಿಗೆ ಪಿಂಚಣಿ ಬರುತ್ತದೆ.

ಇನ್ನು ಪಿಂಚಣಿ ಎಷ್ಟು ಬರಬಹುದು ಎಂಬ ಲೆಕ್ಕ. ನಿಮ್ಮ ಪತಿ ತೀರಿಕೊಂಡ ದಿನವೇ ನಿವೃತ್ತರಾದರೆಂದು ಭಾವಿಸಿ ಅವರಿಗೆ ಎಷ್ಟು ಪಿಂಚಣಿ ಬರುತ್ತಿತ್ತೋ ಅದನ್ನು ಮೊದಲು ಲೆಕ್ಕ ಹಾಕುತ್ತಾರೆ. ಕೊನೆಯ ಅರವತ್ತು ತಿಂಗಳ ಸರಾಸರಿ ವೇತನವನ್ನು, ಅಂದರೆ ಮಿತಿಗೊಳಪಟ್ಟು 15,000 ರೂಪಾಯಿಯನ್ನು, ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆರು ತಿಂಗಳಿಗಿಂತ ಕಡಿಮೆ ಇರುವ ಬಾಕಿ ಅವಧಿಯನ್ನು ಬಿಡುವುದರಿಂದ ಸೇವೆ ಏಳು ವರ್ಷವಾಗುತ್ತದೆ. 15,000ವನ್ನು 7ರಿಂದ ಗುಣಿಸಿ 70ರಿಂದ ಭಾಗಿಸಿದರೆ 1,500. ಈ ಮೊತ್ತ, ಕನಿಷ್ಠ ವಿಧವಾ ಪಿಂಚಣಿಯಾದ 1,000 ರೂಪಾಯಿ ಮತ್ತು ಯೋಜನೆಗೆ ಲಗತ್ತಿಸಿದ ‘ಸಿ’ ಕೋಷ್ಟಕದಲ್ಲಿ ಆ ವೇತನಕ್ಕೆ ನಮೂದಿಸಿರುವ ಮೊತ್ತ, ಈ ಮೂರರಲ್ಲಿ ಯಾವುದು ಹೆಚ್ಚೋ ಅದು ನಿಮಗೆ. ಆದ್ದರಿಂದ ನಿಮ್ಮ ಪಿಂಚಣಿ ತಿಂಗಳಿಗೆ 1,500ಕ್ಕಿಂತ ಕಡಿಮೆಯಾಗಲಾರದು. ಮಗಳಿಗೆ ಪ್ರತ್ಯೇಕವಾಗಿ ನಿಮ್ಮ ಪಿಂಚಣಿಯ ಕಾಲು ಭಾಗ, 1,500ರ ಲೆಕ್ಕದಲ್ಲಿ 375 ರೂಪಾಯಿ, ಅವಳಿಗೆ 25 ವರ್ಷವಾಗುವವರೆಗೆ ಬರುತ್ತದೆ. ನಿಮಗೆ ಬರುವುದು ಜೀವನಪರ್ಯಂತ, ಅಥವಾ ಮರುಮದುವೆಯಾಗುವವರೆಗೆ. ನೀವು ಮರುಮದುವೆಯಾದರೆ ಮಗಳ ಪಾಲು ನಿಲ್ಲುವುದಿಲ್ಲ. ಅವಳಿಗೆ ಅನಾಥ ಮಕ್ಕಳಿಗೆ ಕೊಡುವ ಹೆಚ್ಚಿನ ದರದಲ್ಲಿ, ಅಂದರೆ ವಿಧವಾ ಪಿಂಚಣಿಯ ಮುಕ್ಕಾಲು ಭಾಗ ಸಿಗುತ್ತದೆ.

ಕನಿಷ್ಠ ಲೆಕ್ಕದಲ್ಲೇ ಇಬ್ಬರಿಗೂ ಸೇರಿ ತಿಂಗಳಿಗೆ 1,875, ವರ್ಷಕ್ಕೆ 22,500 ರೂಪಾಯಿ. ಏಜೆಂಟರು ಹೇಳಿದ ಮೊತ್ತವನ್ನು ಈ ಪಿಂಚಣಿ ಐದು ವರ್ಷ ತುಂಬುವ ಮೊದಲೇ ದಾಟುತ್ತದೆ. ಆಗ ನಿಮ್ಮ ಮಗಳಿಗೆ ಹತ್ತು ವರ್ಷವೂ ತುಂಬಿರುವುದಿಲ್ಲ. 1,875 ರೂಪಾಯಿಯಲ್ಲಿ ಇಂದು ಸಂಸಾರ ನಡೆಯುವುದಿಲ್ಲವೆಂಬುದು ನನಗೆ ಗೊತ್ತು, ಈ ಮೊತ್ತ ಸಾಲದೆಂಬ ನೋವು ನನಗೂ ಇದೆ. ಆದರೂ ಒಮ್ಮೆ ಕೈಗೆ ಬಂದು ಕಾರ್ಯಕ್ಕೂ ಸಾಲಕ್ಕೂ ಕರಗಿಹೋಗುವ ಲಕ್ಷ ರೂಪಾಯಿಗಿಂತ, ಯಾರೂ ಕಿತ್ತುಕೊಳ್ಳಲಾಗದಂತೆ ನಿಮ್ಮ ಖಾತೆಗೇ ಬರುವ ಈ ಹಣ ಮೇಲು.

ಈಗ ಓಟಿಪಿಯ ವಿಷಯ. ಏಜೆಂಟರು ಮಾಡಹೊರಟಿರುವುದು ಹೀಗೆ: ನಿಮ್ಮ ಪತಿಯ ಯುಎಎನ್ ಎಂಬ ಪಿಎಫ್ ಸಂಖ್ಯೆಯ ಖಾತೆಗೆ ಅವರೇ ಬದುಕಿದ್ದು ಲಾಗಿನ್ ಆದಂತೆ ಲಾಗಿನ್ ಆಗಿ, ಪಿಎಫ್ ಹಣಕ್ಕೆ ಫಾರ್ಮ್ 19, ಪಿಂಚಣಿ ಹಣದ ವಾಪಸಾತಿಗೆ ಫಾರ್ಮ್ 10ಸಿ ತುಂಬುವುದು. ಈ ಎರಡು ಅರ್ಜಿಗಳೂ ಕೆಲಸ ಬಿಟ್ಟ ಸದಸ್ಯನು ತಾನೇ ಸಲ್ಲಿಸುವಂಥವು. ತೀರಿಕೊಂಡವರ ಹೆಸರಿನಲ್ಲಿ ಹೀಗೆ ಅರ್ಜಿ ಹಾಕುವುದು ಸುಳ್ಳು ಘೋಷಣೆಯಾಗುತ್ತದೆ, ಓಟಿಪಿ ಕೊಟ್ಟವರಾಗಿ ನೀವೂ ಅದಕ್ಕೆ ಜವಾಬ್ದಾರರಾಗುತ್ತೀರಿ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. 10ಸಿ ಮಂಜೂರಾಯಿತೆಂದರೆ ಆ ಏಳು ವರ್ಷದ ಪಿಂಚಣಿ ಸೇವೆ ಅಲ್ಲಿಗೆ ಮುಗಿಯಿತು, ದಾಖಲೆಯಲ್ಲಿ ಅವರು ಕೆಲಸ ಬಿಟ್ಟು ಹಣ ಹಿಂಪಡೆದು ಹೋದವರಾಗುತ್ತಾರೆ. ಆಮೇಲೆ ನೀವು ವಿಧವಾ ಪಿಂಚಣಿ ಕೇಳಿದರೆ, ಸದಸ್ಯತ್ವ ಮುಗಿದಿದೆ ಎಂಬ ಉತ್ತರ ಬರುತ್ತದೆ. ಸಾಲದ್ದಕ್ಕೆ ಆ ಹಣ ಹೋಗುವುದು ನಿಮ್ಮ ಖಾತೆಗಲ್ಲ, ನಿಮ್ಮ ಪತಿಯ ಖಾತೆಗೆ. ಮರಣದ ಸುದ್ದಿ ತಿಳಿದ ಕೂಡಲೇ ಬ್ಯಾಂಕಿನವರು ಆ ಖಾತೆಯ ವ್ಯವಹಾರ ನಿಲ್ಲಿಸುತ್ತಾರೆ, ಮುಂದಿನ ಮಾತುಕತೆ ಆ ಖಾತೆಯ ನಾಮಿನಿಯ ಜೊತೆ.

ಪುಣೆಯ ಭೋಸರಿಯಲ್ಲಿ ಲೇತ್ ಯಂತ್ರದ ಕೆಲಸದಲ್ಲಿದ್ದ ಕಲಬುರಗಿ ಕಡೆಯವರೊಬ್ಬರ ಪತ್ನಿ ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಾಗ ಇದೆಲ್ಲ ನಡೆದುಹೋಗಿತ್ತು. ಅರ್ಜಿ ಹಾಕಿದ ತಾರೀಖು ಮರಣ ಪ್ರಮಾಣಪತ್ರದ ತಾರೀಖಿಗಿಂತ ಹನ್ನೊಂದು ದಿನ ಈಚಿನದು. ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರೆ ಸಾಕಿತ್ತು, ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಬಂದ ಹಣವನ್ನು ಹಿಂದಿರುಗಿಸಿ, ನಡೆದದ್ದನ್ನು ಬರೆದುಕೊಟ್ಟು, ಪಿಂಚಣಿಯ ಅರ್ಜಿಯನ್ನು ಮತ್ತೆ ಜೀವಂತಗೊಳಿಸುವುದರೊಳಗೆ ಆಕೆ ಎರಡು ಮಳೆಗಾಲ ಪಿಎಫ್ ಕಚೇರಿಗೆ ಅಲೆದರು. ನಿಮ್ಮ ಪ್ರಶ್ನೆ ಓದಿದ ದಿನವೇ ಉತ್ತರಿಸಲು ಕುಳಿತದ್ದು ಆ ನೆನಪಿನಿಂದ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ ಸಂಗತಿ ಬೇರೊಂದಿದೆ, ನೀವು ಅದನ್ನು ಹೇಳಿ ಮುಂದೆ ಸಾಗಿದ್ದೀರಿ. ಅದು ಏಪ್ರಿಲ್‌ನಿಂದ ಸಂಬಳವಿಲ್ಲದ ರಜೆ ಎಂಬ ಮಾತು. ಸಂಬಳವಿಲ್ಲದಿದ್ದರೆ ವಂತಿಗೆಯೂ ಇಲ್ಲ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಕೊನೆಯ ಜಮೆ ಮಾರ್ಚ್ ತಿಂಗಳ ವೇತನದ್ದಾಗಿರುತ್ತದೆ. ಗುತ್ತಿಗೆದಾರರ ಕಚೇರಿಯಲ್ಲಿ ತಿಂಗಳ ಲೆಕ್ಕ ಹಾಕುವವರು, ಎರಡು ತಿಂಗಳು ಹಾಜರಿ ಇಲ್ಲವೆಂದು ನೋಡಿ, ಕೆಲಸ ಬಿಟ್ಟ ದಿನಾಂಕ ಮಾರ್ಚ್ 31 ಎಂದು ನಮೂದಿಸಿಬಿಡುವುದು ಬಹಳ ಸಾಮಾನ್ಯ. ಕಾರಣದ ಜಾಗದಲ್ಲಿ ‘ಸೇವೆಯಲ್ಲಿದ್ದಾಗ ಮರಣ’ ಎಂಬುದರ ಬದಲಿಗೆ ‘ಕೆಲಸ ಬಿಟ್ಟರು’ ಎಂದಿರುತ್ತದೆ. ಈ ಎರಡು ನಮೂದುಗಳೇ ನಿಮ್ಮ ಪ್ರಕರಣದ ಕೀಲು. ನಾನು ಮೇಲೆ ಹೇಳಿದ ಒಂದು ತಿಂಗಳ ವಂತಿಗೆಯ ನಿಯಮ ಸೇವೆಯಲ್ಲಿದ್ದಾಗ ಆದ ಮರಣಕ್ಕೆ ಮಾತ್ರ. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟು, ಆಮೇಲೆ ತೀರಿಕೊಂಡರೆಂದು ದಾಖಲೆ ಹೇಳಿದರೆ ಆ ನಿಯಮದ ಆಸರೆ ನಿಮಗೆ ಇರುವುದಿಲ್ಲ.

ಆದರೆ ರಜೆಯಲ್ಲಿರುವುದೆಂದರೆ ಕೆಲಸ ಬಿಟ್ಟಂತಲ್ಲ. ರಾಜೀನಾಮೆ ಕೊಟ್ಟಿಲ್ಲ, ಕೆಲಸದಿಂದ ತೆಗೆದ ಪತ್ರ ಬಂದಿಲ್ಲ, ಲೆಕ್ಕ ಚುಕ್ತಾ ಆಗಿಲ್ಲ ಎಂದಾದರೆ ಮೇ 9ರಂದು ಅವರು ಹಾಜರಿಪಟ್ಟಿಯಲ್ಲಿದ್ದ ನೌಕರರೇ. ಇದನ್ನು ತೋರಿಸುವ ಕಾಗದಗಳನ್ನು ಇಂದೇ ಒಂದು ಚೀಲದಲ್ಲಿ ಹಾಕಿಡಿ: ಆಸ್ಪತ್ರೆಗೆ ಸೇರಿದ ಚೀಟಿ, ರಜೆಗಾಗಿ ಬರೆದ ಅರ್ಜಿ, ಕಾರ್ಖಾನೆಯ ಗುರುತಿನ ಚೀಟಿ, ಮಾರ್ಚ್ ತಿಂಗಳ ಸಂಬಳದ ಚೀಟಿ. ರಜೆಯ ಅರ್ಜಿ ಬರೆದೇ ಇಲ್ಲದಿದ್ದರೆ, ಸೂಪರ್‌ವೈಸರ್ ಜೊತೆ ಮೊಬೈಲಿನಲ್ಲಿ ನಡೆದ ಸಂದೇಶಗಳನ್ನಾದರೂ ಅಳಿಸದೆ ಇಟ್ಟುಕೊಳ್ಳಿ. ‘ಸಾಹೇಬ, ಅವನಿಗೆ ಇನ್ನೂ ವಾಸಿಯಾಗಿಲ್ಲ’ ಎಂದು ಮನೆಯವರು ಕಳಿಸಿದ, ‘ಠೀಕ್ ಆಹೆ’ ಎಂದು ಆ ಕಡೆಯಿಂದ ಬಂದ ಎರಡು ಸಾಲಿನ ಸಂದೇಶ ಒಂದು ಪ್ರಕರಣದಲ್ಲಿ ಬಲವಾದ ಆಧಾರವಾಗಿದ್ದನ್ನು ನಾನು ಕಂಡಿದ್ದೇನೆ. ಮೊಬೈಲನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ ಎಂದದ್ದಕ್ಕೆ ಇದು ಎರಡನೆಯ ಕಾರಣ.

ಇವನ್ನೆಲ್ಲ ಇಟ್ಟುಕೊಂಡು, ಕೆಲಸದ ಕೊನೆಯ ದಿನಾಂಕ ಮೇ 9 ಎಂದೂ ಕಾರಣ ಸೇವೆಯಲ್ಲಿದ್ದಾಗ ಮರಣ ಎಂದೂ ನಮೂದಿಸಬೇಕೆಂದು ಗುತ್ತಿಗೆದಾರರಿಗೆ ಲಿಖಿತವಾಗಿ ಕೇಳಿ, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಅವರು ಈಗಾಗಲೇ ಮಾರ್ಚ್ 31 ಎಂದು ಹಾಕಿದ್ದರೆ, ಮಾಲೀಕರೂ ಅರ್ಜಿದಾರರೂ ಸೇರಿ ಸಹಿ ಮಾಡುವ ಜಂಟಿ ಘೋಷಣೆಯ ಮೂಲಕ ತಿದ್ದುಪಡಿಗೆ ಅವಕಾಶವಿದೆ. ಅವರು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದೇ ಕಾಗದಗಳ ಪ್ರತಿಯೊಂದಿಗೆ ಪಿಎಫ್ ಕಚೇರಿಗೆ ದೂರು ಕೊಡಿ. ಆನ್‌ಲೈನಿನಲ್ಲಿ EPFiGMS ಎಂಬ ದೂರಿನ ಪುಟದಲ್ಲಿ ಬರೆದರೆ ದೂರಿನ ಸಂಖ್ಯೆ ಸಿಗುತ್ತದೆ, ಮುಂದಿನ ಪತ್ರಗಳಲ್ಲೆಲ್ಲ ಆ ಸಂಖ್ಯೆಯನ್ನೇ ಬರೆಯಿರಿ.

ಹಾಗಾದರೆ ವಂತಿಗೆಯ ವಾಪಸಾತಿ ಎಂಬುದು ಮರಣದ ನಂತರ ಯಾರಿಗೂ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ, ಆದರೆ ಅಂಥ ಪ್ರಸಂಗಗಳು ಬೇರೆ. ಮುಂಬಯಿಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದ ಉಡುಪಿ ಕಡೆಯ ಅಡುಗೆಯವರೊಬ್ಬರನ್ನು ಪಿಎಫ್‌ಗೆ ಸೇರಿಸಿದ್ದೇ ಅವರ 52ನೇ ವಯಸ್ಸಿನಲ್ಲಿ. 58 ತುಂಬಿದಾಗ ಪಿಂಚಣಿ ಸದಸ್ಯತ್ವ ತಾನಾಗಿಯೇ ನಿಂತಿತು. ಆಗ ಅವರ ಸೇವೆ ಆರೇ ವರ್ಷ. ಅವರಿಗೆ ಪಿಂಚಣಿಯ ಹಕ್ಕು ಹುಟ್ಟಲೇ ಇಲ್ಲ, ವಾಪಸಾತಿಯ ಹಕ್ಕಷ್ಟೇ ಉಳಿಯಿತು. ಅದಕ್ಕೆ ಅರ್ಜಿ ಹಾಕದೆಯೇ ಅವರು ತೀರಿಕೊಂಡರು. ಆ ಹಣಕ್ಕೆ ಕುಟುಂಬದವರು 10ಸಿ ಸಲ್ಲಿಸಿದ್ದು ಸರಿಯಾದ ಕ್ರಮವೇ ಆಗಿತ್ತು. ಆ ಮೊತ್ತವನ್ನೂ ಕಟ್ಟಿದ ಹಣವನ್ನು ಕೂಡಿಸಿ ನಿರ್ಧರಿಸುವುದಿಲ್ಲ. ಸೇವೆಯ ಅವಧಿಗೆ ತಕ್ಕಂತೆ ‘ಡಿ’ ಕೋಷ್ಟಕದಲ್ಲಿರುವ ಗುಣಕದಿಂದ ವೇತನವನ್ನು ಗುಣಿಸಿ ಕೊಡುತ್ತಾರೆ. ನಿಮ್ಮ ಏಜೆಂಟರ ಮನಸ್ಸಿನಲ್ಲಿ ಇರುವುದು ಈ ಬಗೆಯ ಪ್ರಕರಣ. ನಿಮ್ಮ ಪತಿಯ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಮಾವನವರ ನಾಮಿನೇಷನ್ನಿನ ಪ್ರಶ್ನೆ. ಇಲ್ಲಿ ಪಿಂಚಣಿ ಬೇರೆ, ಪಿಎಫ್ ಬೇರೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಊರಿನ ಪಂಚಾಯ್ತಿಯಲ್ಲಿ ಇವೆರಡನ್ನೂ ಒಂದೇ ಗಂಟಾಗಿ ಕಟ್ಟುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಪಿಂಚಣಿ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು. ತಂದೆತಾಯಿ ಆ ವ್ಯಾಖ್ಯೆಯಲ್ಲಿ ಇಲ್ಲ. ಹೆಂಡತಿ ಮಕ್ಕಳಿರುವಾಗ ನಾಮಿನಿಗೆ ಪಿಂಚಣಿ ಕೊಡುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಪತಿ ಅವಿವಾಹಿತರಾಗಿದ್ದರೆ ಮಾತ್ರ ಅವರು ಬರೆದ ನಾಮಿನಿಗೆ, ನಾಮಿನೇಷನ್ ಇಲ್ಲದಿದ್ದರೆ ಅವಲಂಬಿತ ತಂದೆಗೆ, ತಂದೆಯ ನಂತರ ತಾಯಿಗೆ ವಿಧವಾ ಪಿಂಚಣಿಯಷ್ಟೇ ಪಿಂಚಣಿ ಸಿಗುತ್ತಿತ್ತು. ಆದ್ದರಿಂದ ಮಾಸಿಕ ಪಿಂಚಣಿ ನಿಮ್ಮದು ಮತ್ತು ಮಗಳದು. ಇದನ್ನು ನಾಮಿನೇಷನ್ನಿನ ಕಾಗದ ಬದಲಿಸಲಾರದು.

ಪಿಎಫ್ ಹಣದಲ್ಲಿ ಮಾತು ಸ್ವಲ್ಪ ಬೇರೆಯಾಗುತ್ತದೆ, ಇಲ್ಲಿ ನಿಮಗೆ ಇಷ್ಟವಾಗದ ಒಂದು ಅಂಶವನ್ನೂ ಹೇಳಬೇಕಾಗಿದೆ. 1952ರ ಪಿಎಫ್ ಯೋಜನೆಯ 61ನೇ ಪ್ಯಾರಾದ ಪ್ರಕಾರ ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದೊಡನೆ ಅಸಿಂಧುವಾಗುತ್ತದೆ. ಸದಸ್ಯ ಹೊಸದಾಗಿ ಬರೆಯಬೇಕು. ನಿಮ್ಮ ಪತಿ ಬರೆದಿಲ್ಲವಾದರೆ ಕಾನೂನಿನ ದೃಷ್ಟಿಯಲ್ಲಿ ನಾಮಿನೇಷನ್ನೇ ಇಲ್ಲ. ಹಾಗಾಗಿ ನಾಮಿನಿ ಎಂಬ ಒಂದೇ ಕಾರಣಕ್ಕೆ ಮಾವನವರು ಪೂರ್ತಿ ಹಣ ಕೇಳುವಂತಿಲ್ಲ. ಆದರೆ ನಾಮಿನೇಷನ್ ಇಲ್ಲದಾಗ ಹಣ ಹೆಂಡತಿಯೊಬ್ಬಳಿಗೇ ಸೇರುವುದೂ ಇಲ್ಲ. 70ನೇ ಪ್ಯಾರಾ ಅದನ್ನು ಕುಟುಂಬದ ಸದಸ್ಯರಲ್ಲಿ ಸಮವಾಗಿ ಹಂಚುತ್ತದೆ, ಮತ್ತು ಪಿಎಫ್ ಯೋಜನೆಯ ವ್ಯಾಖ್ಯೆಯಲ್ಲಿ ಮಗನನ್ನೇ ಅವಲಂಬಿಸಿದ್ದ ತಂದೆತಾಯಿಯೂ ಕುಟುಂಬಕ್ಕೆ ಸೇರುತ್ತಾರೆ.

ಅಂದಾಜಿಗೆ ಪಿಎಫ್ ಕಾಲಮ್ಮುಗಳಲ್ಲಿ ಬಡ್ಡಿ ಸೇರಿ 3,60,000 ರೂಪಾಯಿ ಇದೆಯೆಂದುಕೊಳ್ಳಿ. ಅತ್ತೆ ಮಾವ ಇಬ್ಬರೂ ನಿಮ್ಮ ಪತಿಯ ದುಡಿಮೆಯ ಮೇಲೆಯೇ ಬದುಕುತ್ತಿದ್ದರೆ ನಾಲ್ಕು ಪಾಲು: ನಿಮಗೆ 90,000, ಮಗಳಿಗೆ 90,000, ಅವರಿಬ್ಬರಿಗೂ ತಲಾ 90,000. ಮಾವನವರಿಗೆ ತಮ್ಮದೇ ನಿವೃತ್ತಿ ವೇತನವೋ ಸಾಕಷ್ಟು ಹೊಲದ ಆದಾಯವೋ ಇದ್ದು ಅವರು ಅವಲಂಬಿತರಲ್ಲ ಎಂದಾದರೆ, ಅತ್ತೆಯವರು ಮಾತ್ರ ಅವಲಂಬಿತರೆಂದು ಹಿಡಿದು, ಮೂರು ಪಾಲು, ತಲಾ 1,20,000. ಅಪ್ರಾಪ್ತಳಾದ ಮಗಳ ಪಾಲನ್ನು ತಾಯಿಯಾಗಿ ನೀವೇ ಪಡೆಯುತ್ತೀರಿ, ಆದರೆ ಅದು ಅವಳ ಹಣ. ಅವಳ ಪಾಲನ್ನು ಬಿಟ್ಟುಕೊಟ್ಟೆ ಎಂದು ನೀವೂ ಬರೆದುಕೊಡುವಂತಿಲ್ಲ. ದಿನಕರ್ಮ ಮುಗಿದ ಸಂಜೆ ಹಿರಿಯರೆದುರು ಒಂದು ಹಾಳೆ ಇಟ್ಟು ಸಹಿ ಕೇಳಿದಾಗ ಈ ಮಾತು ನೆನಪಿರಲಿ. ಅದೇ ರೀತಿ, ಅವಲಂಬಿತರಾದ ಅತ್ತೆ ಮಾವಂದಿರ ಹೆಸರನ್ನು ಮರೆಮಾಚಿ ಅರ್ಜಿ ಹಾಕುವುದೂ ಬೇಡ. ಅದು ನಾಳೆ ಆಕ್ಷೇಪಣೆಯಾಗಿ ಬಂದು ನಿಮ್ಮ ಅರ್ಜಿಯನ್ನೇ ನಿಲ್ಲಿಸುತ್ತದೆ. ಮಗನನ್ನು ಕಳೆದುಕೊಂಡ ಅವರಿಗೂ ನ್ಯಾಯವಾಗಿ ಸೇರಬೇಕಾದ ಪಾಲು ಅದು.

ನೀವು ಪ್ರಸ್ತಾಪಿಸದೆ ಇದ್ದ ಇನ್ನೊಂದು ಹಣವಿದೆ. ಪಿಎಫ್‌ನೊಂದಿಗೇ ಬರುವ ಜೀವ ವಿಮೆಯದು, ಇಡಿಎಲ್‌ಐ ಎನ್ನುತ್ತಾರೆ. ಇದಕ್ಕೆ ನೌಕರನ ಸಂಬಳದಿಂದ ಏನೂ ಕಡಿತವಾಗುವುದಿಲ್ಲವಾದ್ದರಿಂದ ಮನೆಯವರಿಗೆ ಇದರ ಸುಳಿವೇ ಇರುವುದಿಲ್ಲ. ಹನ್ನೆರಡು ತಿಂಗಳ ಸರಾಸರಿ ವೇತನದ, ಅಂದರೆ ಗರಿಷ್ಠ 15,000ದ, 35 ಪಟ್ಟು 5,25,000 ರೂಪಾಯಿ. ಅದಕ್ಕೆ ಆ ಅವಧಿಯ ಪಿಎಫ್ ಸರಾಸರಿ ಶಿಲ್ಕಿನ ಅರ್ಧ. ಶಿಲ್ಕಿನ ಸರಾಸರಿ 3,30,000 ಇದ್ದರೆ ಅರ್ಧ 1,65,000, ಒಟ್ಟು 6,90,000. ಇದರ ಗರಿಷ್ಠ ಮಿತಿ 7 ಲಕ್ಷ. ಹಂಚಿಕೆ ಪಿಎಫ್‌ನಂತೆಯೇ. ಸೇವೆಯಲ್ಲಿದ್ದಾಗ ಮರಣ ಎಂಬ ನಮೂದು ಇಲ್ಲಿಯೂ ಮುಖ್ಯ. 2025ರ ಜುಲೈ ತಿದ್ದುಪಡಿಯಿಂದ ಒಂದು ಅನುಕೂಲವಾಗಿದೆ: ಹೆಸರು ಹಾಜರಿಪಟ್ಟಿಯಲ್ಲಿದ್ದು, ಕೊನೆಯ ವಂತಿಗೆಯಿಂದ ಆರು ತಿಂಗಳೊಳಗೆ ಮರಣವಾಗಿದ್ದರೆ ವಿಮೆ ಸಲ್ಲುತ್ತದೆ. ಒಟ್ಟು ಲಕ್ಷಗಳ ಲೆಕ್ಕ ನೋಡಿದರೆ ಏಜೆಂಟರ ಆತುರದಲ್ಲಿ ಕೈಬಿಟ್ಟುಹೋಗುತ್ತಿದ್ದದ್ದು ಇದೇ ದೊಡ್ಡ ಮೊತ್ತ.

ಅರ್ಜಿಯ ಕ್ರಮ ಸರಳವಾಗಿದೆ. ಪಿಂಚಣಿಗೆ ಫಾರ್ಮ್ 10ಡಿ, ಪಿಎಫ್‌ಗೆ ಫಾರ್ಮ್ 20, ವಿಮೆಗೆ ಫಾರ್ಮ್ 5ಐಎಫ್. ಮರಣ ಪ್ರಕರಣಗಳಿಗೆ ಮೂರನ್ನೂ ಸೇರಿಸಿದ ಒಂದೇ ಅರ್ಜಿಯೂ ಇದೆ. ಸಿಂಧುವಾದ ಇ-ನಾಮಿನೇಷನ್ ಇಲ್ಲದ್ದರಿಂದ ನೀವು ಕಾಗದದ ಅರ್ಜಿಯನ್ನೇ ಗುತ್ತಿಗೆದಾರರ ಸಹಿಯೊಂದಿಗೆ ಕೊಡಬೇಕಾಗುತ್ತದೆ. ಪಾಸ್‌ಬುಕ್ಕಿನ ಸದಸ್ಯ ಸಂಖ್ಯೆ PUPUN ಎಂದು ಆರಂಭವಾಗಿದ್ದರೆ ಅದು ಪುಣೆ ಕಚೇರಿಯದು. ಕೆಲವು ಗುತ್ತಿಗೆದಾರರ ನೋಂದಣಿ ಠಾಣೆ ಅಥವಾ ಮುಂಬಯಿಯಲ್ಲಿರುತ್ತದೆ, ಆಗ ಅರ್ಜಿ ಆ ಕಚೇರಿಗೆ ಹೋಗಬೇಕು.

ನಮ್ಮ ಕಡೆಯವರ ಅರ್ಜಿಗಳು ಪುಣೆಯಲ್ಲಿ ತಿರಸ್ಕಾರವಾಗುವುದಕ್ಕೆ ನಾನು ಕಂಡ ಮುಖ್ಯ ಕಾರಣ ಹೆಸರು. ಊರಲ್ಲಿ ಮಾಡಿಸಿದ ಆಧಾರ್ ಕಾರ್ಡಿನಲ್ಲಿ ನೌಕರನ ಹೆಸರಿನ ಹಿಂದೆ ಒಂದೋ ಎರಡೋ ಇನಿಷಿಯಲ್ ಮಾತ್ರ ಇರುತ್ತದೆ. ಮಹಾರಾಷ್ಟ್ರದ ರೂಢಿಯಂತೆ ಕಾರ್ಖಾನೆಯವರು ತಂದೆಯ ಹೆಸರನ್ನು ನಡುವೆ ಸೇರಿಸಿ, ಮನೆತನದ ಹೆಸರನ್ನು ಕೊನೆಗೆ ಹಾಕುತ್ತಾರೆ. ಮಹಾನಗರಪಾಲಿಕೆ ಮರಾಠಿಯಲ್ಲಿ ಕೊಟ್ಟ ಮರಣ ಪ್ರಮಾಣಪತ್ರದಲ್ಲಿ ಅದೇ ಹೆಸರಿನ ಕಾಗುಣಿತ ಇನ್ನೊಂದು ರೀತಿ ಇರುತ್ತದೆ. ಹೆಂಡತಿಯ ಆಧಾರ್‌ನಲ್ಲಿ ಗಂಡನ ಹೆಸರಿನ ಬದಲು ತಂದೆಯ ಹೆಸರೇ ಉಳಿದಿರುತ್ತದೆ. ನೋಡುವ ಗುಮಾಸ್ತರಿಗೆ ಇವರು ಒಬ್ಬರೇ ಎಂದು ತಿಳಿಯಬೇಕಾದರೆ ಕಾಗದ ಹೇಳಬೇಕು. ಅರ್ಜಿ ಕೊಡುವ ಮೊದಲೇ ಯುಎಎನ್ ದಾಖಲೆ, ಎರಡೂ ಆಧಾರ್, ಮರಣ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ನಿಮ್ಮ ಬ್ಯಾಂಕ್ ಪಾಸ್‌ಬುಕ್ ಇವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ವ್ಯತ್ಯಾಸವಿದ್ದಲ್ಲಿ ಈಗಲೇ ತಿದ್ದಿಸಿ. ಮದುವೆಯ ನೋಂದಣಿ ಆಗಿಲ್ಲದಿದ್ದರೆ ಪಡಿತರ ಚೀಟಿ, ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆತಾಯಿಯ ಹೆಸರು, ಇವು ಸಂಬಂಧವನ್ನು ತೋರಿಸಲು ನೆರವಾಗುತ್ತವೆ.

ಒಂದು ವಿಷಯವನ್ನು ಪಾಸ್‌ಬುಕ್ಕಿನಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ. ಈ ಕಾರ್ಖಾನೆಗಿಂತ ಮುಂಚೆ ಅವರು ಬೇರೆ ಕಡೆ ಕೆಲಸ ಮಾಡಿ, ಅಲ್ಲಿನ ಸದಸ್ಯ ಸಂಖ್ಯೆ ಪ್ರತ್ಯೇಕವಾಗಿ ಉಳಿದಿದ್ದರೆ, ಮತ್ತು ಆ ಹಣವನ್ನು ಅವರು ಹಿಂಪಡೆಯದೆ ಇದ್ದರೆ, ಆ ಸೇವೆಯನ್ನೂ ಇದಕ್ಕೆ ಸೇರಿಸಿಕೊಳ್ಳುವಂತೆ ಅರ್ಜಿಯಲ್ಲಿ ಬರೆಯಿರಿ. ಏಳು ವರ್ಷಕ್ಕೆ ಇನ್ನೆರಡು ವರ್ಷ ಸೇರಿದರೂ ಸೂತ್ರದ ಪ್ರಕಾರದ ಮೊತ್ತ 1,500ರಿಂದ ಸುಮಾರು 1,929ಕ್ಕೆ ಏರುತ್ತದೆ.

ಪಿಂಚಣಿಯ ಲೆಕ್ಕ ಮರಣದ ಮಾರನೆಯ ದಿನದಿಂದ, ಅಂದರೆ ಮೇ 10ರಿಂದ ಶುರುವಾಗುತ್ತದೆ, ಮಂಜೂರಾತಿ ತಡವಾದರೂ ಬಾಕಿ ಒಟ್ಟಿಗೆ ಬರುತ್ತದೆ. ಹಾಗಾಗಿ ದಿನಾಂಕ ತಿದ್ದಿಸಲು ಒಂದೆರಡು ತಿಂಗಳು ಹಿಡಿದರೂ ನಷ್ಟವೇನಿಲ್ಲ, ಆತುರದಲ್ಲಿ ತಪ್ಪು ಅರ್ಜಿ ಹಾಕುವುದಕ್ಕಿಂತ ಅದು ಎಷ್ಟೋ ಲೇಸು. ಮಗಳನ್ನು ಕರೆದುಕೊಂಡು ಊರಿಗೆ ಮರಳುವ ಯೋಚನೆಯಿದ್ದರೆ ಪಿಂಚಣಿಗಾಗಿ ಪುಣೆಯಲ್ಲೇ ಉಳಿಯಬೇಕಾಗಿಲ್ಲ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಗಾದರೂ ಅದು ಬರುತ್ತದೆ, ವಿಜಯಪುರದಲ್ಲಿರುವ ನಿಮ್ಮ ಖಾತೆಯನ್ನೇ 10ಡಿಯಲ್ಲಿ ಬರೆಯಬಹುದು. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರವನ್ನು ಅಲ್ಲಿಯೇ ಕೊಟ್ಟರೆ ಸಾಕು.